ಕಣಿ ಪೂಜೆಯ ಸಾಮಾನು ವಿಮಾನದಲ್ಲಿ: ಕರ್ಪೂರ ಬಿಟ್ಟುಬಿಡಿ, ಕಾಯಿ ಅಲ್ಲಾಡಿಸಿ ನೋಡಿ

ಪ್ರಶ್ನೆ: ನಾವು ಮಡಿಕೇರಿ ಹತ್ತಿರದವರು. ಈ ಸಲ ಕಾವೇರಿ ಸಂಕ್ರಮಣದ ಕಣಿ ಪೂಜೆಗೆ ದೆಹಲಿಯಲ್ಲಿರುವ ಮಗಳ ಮನೆಗೆ ಹೋಗ್ತಿದ್ದೇವೆ. ಕರ್ಪೂರ, ತುಪ್ಪದ ದೀಪ, ತೆಂಗಿನಕಾಯಿ, ವಿಭೂತಿ ಎಲ್ಲ ಇಲ್ಲಿಂದಲೇ ಒಯ್ಯೋಣ ಅಂತ ಆಸೆ. ವಿಮಾನದಲ್ಲಿ ಬಿಡ್ತಾರಾ? ಬಿಡದಿದ್ದರೆ ಬದಲಿಗೆ ಏನು ಮಾಡೋದು?

ಕರ್ಪೂರ ಬಿಡುವುದಿಲ್ಲ. ಕೈಚೀಲದಲ್ಲೂ ಇಲ್ಲ, ಚೆಕ್-ಇನ್ ಬ್ಯಾಗಿನಲ್ಲೂ ಇಲ್ಲ. ನೀರು ತುಂಬಿದ ಹಸಿ ತೆಂಗಿನಕಾಯಿ ಚೆಕ್-ಇನ್‌ನಲ್ಲಿ ಹೋಗುತ್ತದೆ, ಕೊಬ್ಬರಿ ಎಲ್ಲೂ ಹೋಗುವುದಿಲ್ಲ. ತುಪ್ಪ ಮತ್ತು ಖಾಲಿ ದೀಪ ಚೆಕ್-ಇನ್‌ಗೆ ಹಾಕಿ. ವಿಭೂತಿಗೆ ತೊಂದರೆ ಇಲ್ಲ. ಚಿಕ್ಕ ಉತ್ತರ ಇಷ್ಟೇ. ಆದರೆ ಇಷ್ಟನ್ನೇ ಓದಿಕೊಂಡು ಹೊರಟರೆ ಕಾಯಿ ವಿಷಯದಲ್ಲಿ ನಾನು ಸಿಕ್ಕಿಹಾಕಿಕೊಂಡ ಹಾಗೆ ನೀವೂ ಸಿಕ್ಕಿಹಾಕಿಕೊಳ್ಳಬಹುದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮದು ವಿರಾಜಪೇಟೆ ಕಡೆ. ಮಗ ದೆಹಲಿಯಲ್ಲಿ ಮನೆ ಮಾಡಿದ ವರ್ಷ ಸೊಸೆಗೆ ಅದು ಮೊದಲ ಕಣಿ ಪೂಜೆ. ನಾನು ಮನೆ ತೋಟದ ಐದು ಕಾಯಿ, ಒಂದು ಡಬ್ಬಿ ಕರ್ಪೂರ, ಅರ್ಧ ಕೆಜಿ ತುಪ್ಪ, ಹಿತ್ತಾಳೆ ದೀಪ, ಎಲ್ಲವನ್ನೂ ಒಂದೇ ಬ್ಯಾಗಿಗೆ ತುಂಬಿ ಚೆಕ್-ಇನ್‌ಗೆ ಕೊಟ್ಟೆ. ಬೋರ್ಡಿಂಗ್ ಪಾಸ್ ಕೂಡ ಸಿಕ್ಕಿತು. ಎಲ್ಲ ಮುಗಿಯಿತು ಅಂತ ಕೂತಿದ್ದಾಗ ನನ್ನ ಹೆಸರು ಕೂಗಿದರು. ಬ್ಯಾಗು ಕೌಂಟರಿನಿಂದ ಒಳಗೆ ಹೋದ ಮೇಲೆ ಎಕ್ಸ್‌ರೇ ಆಗುತ್ತದೆ, ಅಲ್ಲಿ ಸಂಶಯ ಬಂದರೆ ಮಾಲೀಕರನ್ನು ಕರೆದು ಅವರ ಎದುರೇ ತೆಗೆಸುತ್ತಾರೆ. ಹೋಗದೆ ಇದ್ದರೆ ಬ್ಯಾಗು ಅಲ್ಲೇ ಉಳಿಯುತ್ತದೆ, ನಾವು ಮಾತ್ರ ಹಾರುತ್ತೇವೆ. ಅಂದರೆ ಕೌಂಟರಿನಲ್ಲಿ ಯಾರೂ ಏನೂ ಕೇಳಲಿಲ್ಲ ಅನ್ನುವುದಕ್ಕೆ ಅರ್ಥವೇ ಇಲ್ಲ.

ಕರ್ಪೂರದ ಡಬ್ಬಿ ತೆಗೆಸಿದರು. ಅದನ್ನು ಹೇಗೋ ಸಹಿಸಿಕೊಂಡೆ. ಆಮೇಲೆ ಕಾಯಿಗಳನ್ನು ಒಂದೊಂದಾಗಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಮೂರರಲ್ಲಿ ನೀರು ಕುಲುಕಿತು. ಎರಡರಲ್ಲಿ ನೀರಿನ ಸದ್ದೇ ಇಲ್ಲ, ಒಳಗೆ ಉಂಡೆ ಉರುಳಿದ ಹಾಗೆ ಲೊಟಲೊಟ ಅಂದಿತು. ಅವೆರಡನ್ನು ಪಕ್ಕಕ್ಕಿಟ್ಟರು. ಅಟ್ಟದ ಮೇಲೆ ಬಹಳ ದಿನ ಇದ್ದ ಕಾಯಿ ಅವು, ಗಿಟುಕು ಆಗಿದ್ದವು. ನನ್ನ ಲೆಕ್ಕದಲ್ಲಿ ಅದು ತೆಂಗಿನಕಾಯಿಯೇ. ಅವರ ಲೆಕ್ಕದಲ್ಲಿ ಅದು ಕೊಬ್ಬರಿ.

ಕೊಬ್ಬರಿಗೆ ಯಾಕೆ ಇಷ್ಟು ಹೆದರುತ್ತಾರೆ ಅಂತ ನನಗೂ ಆಗ ಗೊತ್ತಿರಲಿಲ್ಲ. ಹಸಿ ಕಾಯಿಯ ತಿರುಳಿನಲ್ಲಿ ಸುಮಾರು ಅರ್ಧ ಭಾಗ ನೀರೇ ಇರುತ್ತದೆ. ಒಣಗಿದ ಮೇಲೆ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆ. ಆ ಎಣ್ಣೆ ಗಾಳಿಯ ಜೊತೆ ಸೇರಿ ನಿಧಾನವಾಗಿ ಬಿಸಿಯಾಗುತ್ತದೆ. ಗಾಳಿ ಆಡದ ಕಡೆ ರಾಶಿ ಇದ್ದರೆ ಆ ಬಿಸಿ ಹೊರಗೆ ಹೋಗಲು ದಾರಿ ಇಲ್ಲ, ಒಳಗೊಳಗೇ ಏರಿ ಬೆಂಕಿ ಹತ್ತಬಹುದು. ಹಾಗಾಗಿ ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ ತನ್ನದೇ ನಂಬರ್ ಇದೆ, ಯುಎನ್ 1363. ತಾನಾಗಿ ಹೊತ್ತಿಕೊಳ್ಳಬಹುದಾದ ವಸ್ತುಗಳು ಅನ್ನುವ ಗುಂಪು ಅದು. ನಿಮ್ಮ ಬ್ಯಾಗಿನಲ್ಲಿರುವುದು ಎರಡೇ ಹೋಳು ಇರಬಹುದು, ಆದರೂ ಪ್ರಯಾಣಿಕರ ಸಾಮಾನಿಗೆ ವಿನಾಯಿತಿ ಇಲ್ಲ. ಇಡೀ ಗಿಟುಕು, ಹೋಳು, ತುರಿದದ್ದು, ಯಾವುದೂ ಬೇಡ.

ಹಾಗಾಗಿ ಹೊರಡುವ ಹಿಂದಿನ ದಿನ ಕಾಯಿಯನ್ನು ಅಲ್ಲಾಡಿಸಿ ನೋಡಿ. ನೀರು ಚೆನ್ನಾಗಿ ಕುಲುಕಬೇಕು. ಆಮೇಲೆ ಕಣ್ಣುಗಳನ್ನು ಬೆರಳಿನಿಂದ ಒತ್ತಿ ನೋಡಿ. ಅಲ್ಲಿ ಒದ್ದೆ ಇದ್ದರೆ ಅಥವಾ ಹುಳಿ ವಾಸನೆ ಬಂದರೆ ಎಲ್ಲೋ ಬಿರುಕು ಬಿಟ್ಟಿದೆ ಅಂತ ಅರ್ಥ, ಅದನ್ನು ಅಡುಗೆಗೆ ಬಳಸಿಬಿಡಿ. ಜುಟ್ಟು ಇರಲಿ, ಉಳಿದ ನಾರು ತೆಗೆಯಿರಿ. ಒಂದೊಂದನ್ನೂ ಟವೆಲಿನಲ್ಲಿ ಸುತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ ಬ್ಯಾಗಿನ ನಡುವೆ, ಬಟ್ಟೆಗಳ ಮಧ್ಯೆ ಇಡಿ. ಒಡೆದರೂ ನೀರು ಕವರಿನೊಳಗೇ ಉಳಿಯುತ್ತದೆ. ನಾಲ್ಕೈದು ಬೇಡ, ಎರಡು ಸಾಕು. ನಿಮ್ಮ ವಿಮಾನ ಕಂಪನಿಯ ವೆಬ್‌ಸೈಟಿನಲ್ಲಿ ತೆಂಗಿನಕಾಯಿ ಬಗ್ಗೆ ಏನಿದೆ ಅಂತ ಒಮ್ಮೆ ನೋಡಿಕೊಳ್ಳಿ, ಕೆಲವರು ಇನ್ನೂ ಬಿಗಿ ಇರುತ್ತಾರೆ.

ಕೈಚೀಲದಲ್ಲೇ ಕಾಯಿ ಬಿಡ್ತಾರಂತೆ ಅಂತ ನಿಮಗೆ ಯಾರಾದರೂ ಹೇಳಿರಬಹುದು. ಅದು ಶಬರಿಮಲೆಗೆ ಹೋಗುವ ಅಯ್ಯಪ್ಪ ಭಕ್ತರಿಗೆ ಕೊಟ್ಟ ವಿನಾಯಿತಿ. ಇರುಮುಡಿಯಲ್ಲಿರುವ ಕಾಯಿಯನ್ನು ಕ್ಯಾಬಿನ್ನಿಗೆ ಒಯ್ಯಲು 2022ರ ನವೆಂಬರಿನಲ್ಲಿ ಬಿಟ್ಟರು, 2024ರಲ್ಲಿ ಮತ್ತೆ ಬಿಟ್ಟರು. ಎರಡು ಸಲವೂ ಮಕರವಿಳಕ್ಕು ಮುಗಿದು ಜನವರಿ 20ರವರೆಗೆ ಮಾತ್ರ. ಅದರಲ್ಲೂ ಎಕ್ಸ್‌ರೇ ಮಾಡಿ, ಕೈಯಿಂದ ಪರೀಕ್ಷೆ ಮಾಡಿಯೇ ಬಿಡುವುದು. ನಿಮ್ಮ ಪ್ರಯಾಣ ಅಕ್ಟೋಬರಿನಲ್ಲಿ, ಅದೂ ಕಣಿ ಪೂಜೆಗೆ. ಅದನ್ನು ನಂಬಿಕೊಂಡು ಕೈಚೀಲದಲ್ಲಿ ಕಾಯಿ ಇಟ್ಟುಕೊಳ್ಳಬೇಡಿ.

ಇನ್ನೊಂದು ವಿಷಯ ನನಗೆ ನಮ್ಮತ್ತೆ ನೆನಪಿಸಿದ್ದು. ಕಣಿಗೆ ಕಾಯಿಯೇ ಆಗಬೇಕು ಅಂತ ಇಲ್ಲ ಅಲ್ವಾ? ಎಷ್ಟೋ ಮನೆಗಳಲ್ಲಿ ಸೌತೆಕಾಯಿಗೇ ಕೆಂಪು ರೇಷ್ಮೆ ಬಟ್ಟೆ ಉಡಿಸಿ, ಒಡವೆ ಹಾಕಿ ಕಾವೇರಮ್ಮನನ್ನಾಗಿ ಕೂರಿಸುತ್ತಾರೆ. ಸೌತೆಕಾಯಿಗೆ ವಿಮಾನದಲ್ಲಿ ಯಾವ ಅಡ್ಡಿಯೂ ಇಲ್ಲ. ಮನೆಯ ಬಳ್ಳಿಯದ್ದೇ ಒಂದನ್ನು ಒಯ್ಯಬಹುದು. ಆ ವರ್ಷದಿಂದ ನಾನು ಮಾಡುವುದು ಹೀಗೆಯೇ: ಕಣಿಗೆ ಊರಿನ ಸೌತೆಕಾಯಿ, ಕಾಯಿ ದೆಹಲಿಯಲ್ಲಿ ಕೊಳ್ಳುವುದು. ಐಎನ್‌ಎ ಮಾರ್ಕೆಟಿನಲ್ಲಿ ನಮ್ಮ ಕಡೆಯ ಸಾಮಾನು ಸಿಗುತ್ತದೆ. ವೀಳ್ಯದೆಲೆ, ಅಡಿಕೆ, ಗಾಜಿನ ಬಳೆ, ಅಕ್ಕಿ ಇವನ್ನು ಇಲ್ಲಿಂದಲೇ ಒಯ್ಯಿರಿ. ಕಣಿಗೆ ಹಾಕುವ ಪತ್ತಾಕ್ ಮಾತ್ರ ಕೈಚೀಲದಲ್ಲೇ ಇರಲಿ, ಚಿನ್ನವನ್ನು ಯಾವತ್ತೂ ಚೆಕ್-ಇನ್‌ಗೆ ಕೊಡಬೇಡಿ. ಅಡಿಕತ್ತರಿ ಇದ್ದರೆ ಅದು ಚೆಕ್-ಇನ್‌ಗೆ.

ಈಗ ಕರ್ಪೂರ. ಅಂಗಡಿಯಲ್ಲಿ ಸಿಗುವ ಬಿಲ್ಲೆ ಕರ್ಪೂರ ಜಾಸ್ತಿ ಪಾಲು ಟರ್ಪೆಂಟೈನಿನಿಂದ ತಯಾರಾದ ಕೃತಕ ಕರ್ಪೂರ, ಅದು ಸುಲಭವಾಗಿ ಉರಿಯುವ ಘನವಸ್ತುಗಳ ಗುಂಪಿನಲ್ಲಿ ಬರುತ್ತದೆ. ಡಬ್ಬಿ ಮುಚ್ಚಿಟ್ಟರೂ ಕರ್ಪೂರ ದಿನೇ ದಿನೇ ಸಣ್ಣದಾಗುತ್ತದೆ ಗಮನಿಸಿದ್ದೀರಾ? ಕರಗದೆ ನೇರವಾಗಿ ಆವಿಯಾಗುತ್ತದೆ, ಆ ಆವಿಯೂ ಉರಿಯುತ್ತದೆ. ಭೀಮಸೇನಿ ಕರ್ಪೂರ ಶುದ್ಧ, ಪಚ್ಚ ಕರ್ಪೂರ ತಿನ್ನುವುದು, ಅದನ್ನಾದರೂ ಬಿಡ್ತಾರಾ ಅಂತ ಕೇಳುವವರಿದ್ದಾರೆ. ಅವೂ ಹಾಗೆಯೇ ಉರಿಯುತ್ತವೆ, ತಿನ್ನುವುದು ಅಂದ ಮಾತ್ರಕ್ಕೆ ವಿನಾಯಿತಿ ಇಲ್ಲ. ಲಡ್ಡುವಿಗೆ ಹಾಕಿ ಕಟ್ಟಿದ ಚಿಟಿಕೆಯಷ್ಟು ಬೇರೆ ವಿಷಯ. ಬೆಂಕಿಪೊಟ್ಟಣ ಮತ್ತು ಲೈಟರನ್ನೂ ನಮ್ಮ ದೇಶದ ನಿಲ್ದಾಣಗಳಲ್ಲಿ ಎರಡೂ ಬ್ಯಾಗಿನಿಂದ ತೆಗೆಸುತ್ತಾರೆ. ಕರ್ಪೂರ ದೆಹಲಿಯ ಯಾವ ಗಲ್ಲಿಯಲ್ಲೂ ಸಿಗುತ್ತದೆ, ಮಗಳಿಗೆ ಒಂದು ಡಬ್ಬಿ ತಂದಿಡಲು ಹೇಳಿ. ಸಿಗದಿದ್ದರೆ ತುಪ್ಪದ ಬತ್ತಿಯಲ್ಲೇ ಆರತಿ ಮಾಡಿ. ನಾವು ಆ ವರ್ಷ ಐದು ಬತ್ತಿ ಹಚ್ಚಿ ಆರತಿ ಎತ್ತಿದೆವು, ಮನೆಯೆಲ್ಲ ತುಪ್ಪದ ಪರಿಮಳ. ಸೊಸೆ ಈಗಲೂ ಹಾಗೆಯೇ ಮಾಡುತ್ತಾಳೆ.

ತುಪ್ಪದ ದೀಪದಲ್ಲಿ ಜನ ತಪ್ಪುವುದು ಒಂದೇ ಕಡೆ. ಪೂಜೆ ದಿನ ಸುಲಭವಾಗಲಿ ಅಂತ ಮನೆಯಲ್ಲೇ ಬತ್ತಿಯನ್ನು ತುಪ್ಪದಲ್ಲಿ ನೆನೆಸಿ ಡಬ್ಬಿಗೆ ತುಂಬಿಕೊಳ್ಳುತ್ತಾರೆ. ಅದು ಬೇಡ. ಎಣ್ಣೆಯೋ ತುಪ್ಪವೋ ಹೀರಿದ ಹತ್ತಿ ಕೂಡ ಕೊಬ್ಬರಿಯ ಹಾಗೆಯೇ ತನ್ನಷ್ಟಕ್ಕೆ ಬಿಸಿಯಾಗಬಲ್ಲದು. ಅಂಗಡಿಯಲ್ಲಿ ಸಿಗುವ ರೆಡಿಮೇಡ್ ತುಪ್ಪದ ಬತ್ತಿಗಳಲ್ಲಿ ಕೆಲವಕ್ಕೆ ಕರ್ಪೂರವನ್ನೂ ಬೆರೆಸಿರುತ್ತಾರೆ, ಮೂಸಿ ನೋಡಿದರೆ ಗೊತ್ತಾಗುತ್ತದೆ. ಬತ್ತಿ ಒಣಗಿದ್ದೇ ಇರಲಿ, ತುಪ್ಪ ಬೇರೆ ಇರಲಿ, ಅಲ್ಲಿ ಹೋಗಿ ಸೇರಿಸಿ. ದೀಪವನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಜಿಡ್ಡು ಪೂರ್ತಿ ಹೋಗುವ ಹಾಗೆ ತೊಳೆದು ಒಣಗಿಸಿ ಚೆಕ್-ಇನ್‌ಗೆ ಹಾಕಿ. ತುಪ್ಪ ಗಟ್ಟಿಯಾಗಿದ್ದರೂ ತಪಾಸಣೆಯವರು ಅದನ್ನು ದ್ರವ ಅಂತಲೇ ಎಣಿಸುತ್ತಾರೆ, ಆದ್ದರಿಂದ ಕೈಚೀಲಕ್ಕೆ ಬೇಡ. ನಮ್ಮ ಮಡಿಕೇರಿ ಚಳಿಗೆ ಕಲ್ಲಾಗಿರುವ ತುಪ್ಪ ಬಯಲುಸೀಮೆಗೆ ಇಳಿದರೆ ನೀರಾಗುತ್ತದೆ. ತಿರುಪಿನ ಮುಚ್ಚಳದ ಡಬ್ಬಿಗೆ ಬಾಯಿಯಿಂದ ಎರಡು ಬೆರಳು ಕೆಳಗಿನವರೆಗೆ ತುಂಬಿ, ಟೇಪು ಸುತ್ತಿ, ಎರಡು ಕವರ್ ಹಾಕಿ. ತಲಕಾವೇರಿ ತೀರ್ಥದ ಬಾಟಲಿಗೂ ಇದೇ ಕ್ರಮ.

ವಿಭೂತಿ ಯಾವ ಬ್ಯಾಗಿನಲ್ಲಿ ಇಟ್ಟರೂ ಆಗುತ್ತದೆ. ಅದು ಈಗಾಗಲೇ ಉರಿದು ಮುಗಿದದ್ದು. ಬಿಳಿ ಪುಡಿ ಕಂಡರೆ ಬಿಚ್ಚಿ ತೋರಿಸಲು ಹೇಳಬಹುದು, ಅಂಗಡಿಯ ಚೀಟಿ ಇರುವ ಪೊಟ್ಟಣವಾದರೆ ಮಾತು ಕಡಿಮೆ. ಪುಡಿಗಿಂತ ಗಟ್ಟಿ ವಿಭೂತಿ ಇನ್ನೂ ಸಲೀಸು. ಹೋಮದ ಭಸ್ಮ ಒಯ್ಯುವುದಾದರೆ ಪೂರ್ತಿ ತಣ್ಣಗಾದ ಮೇಲೆ ಜರಡಿ ಹಿಡಿದು ಇದ್ದಿಲಿನ ಚೂರು ಒಂದೂ ಇಲ್ಲದ ಹಾಗೆ ಮಾಡಿ, ಇದ್ದಿಲಿಗೂ ತಾನಾಗಿ ಬಿಸಿಯಾಗುವ ಗುಣ ಇದೆ. ಅದೇ ಕಾರಣಕ್ಕೆ ಸಾಂಬ್ರಾಣಿಗೆ ಹಚ್ಚುವ ಇದ್ದಿಲಿನ ಬಿಲ್ಲೆಯನ್ನೂ ಬಿಟ್ಟುಹೋಗಿ.

ಕಣ್ಣೂರಿನಿಂದ ಹೋದರೂ ಮಂಗಳೂರಿನಿಂದ ಹೋದರೂ ಬೆಂಗಳೂರಿನಿಂದ ಹೋದರೂ ಈ ನಿಯಮಗಳು ಒಂದೇ. ಬ್ಯಾಗು ಕೊಟ್ಟ ಮೇಲೆ ತಕ್ಷಣ ದೂರ ಹೋಗಬೇಡಿ, ಒಂದು ಹತ್ತು ಹದಿನೈದು ನಿಮಿಷ ಹತ್ತಿರದಲ್ಲೇ ಇರಿ. ಕರೆದರೆ ಹೋಗಿ ತೆಗೆದುಕೊಡಬಹುದು. ಪೂಜೆಯ ಸಾಮಾನೆಲ್ಲ ಒಂದೇ ಚೀಲದಲ್ಲಿ ಕಟ್ಟಿ ಬ್ಯಾಗಿನ ಮೇಲ್ಭಾಗದಲ್ಲಿಟ್ಟು, ಕಾಯಿ ಮಾತ್ರ ನಡುವೆ ಇಟ್ಟರೆ, ಬಿಚ್ಚಿ ತೋರಿಸುವಾಗ ರೇಷ್ಮೆ ಬಟ್ಟೆ, ಬಳೆ ಎಲ್ಲ ಎಳೆದಾಡುವ ಹಾಗಾಗುವುದಿಲ್ಲ. ನಿಮ್ಮ ಕಾಯಿಯಲ್ಲಿ ನೀರು ಕುಲುಕದಿದ್ದರೆ ಅದನ್ನು ಮನೆಯಲ್ಲೇ ಬಿಟ್ಟು ಸೌತೆಕಾಯಿ ಕಿತ್ತುಕೊಳ್ಳಿ.