ಚಂದ್ರನ ಆಕಾರ ಬದಲಾಗುವುದನ್ನು ಮಕ್ಕಳ ಅನಿಮೇಷನ್‌ಗೆ ಬರೆಯುವ ಬಗೆ

ಪ್ರಶ್ನೆ: ಚಂದ್ರ ದಿನಕ್ಕೊಂದು ಆಕಾರದಲ್ಲಿ ಏಕೆ ಕಾಣುತ್ತಾನೆ ಎಂದು ಐದನೇ ತರಗತಿಯ ಮಕ್ಕಳಿಗೆ ತಿಳಿಸುವ 3 ನಿಮಿಷದ ಅನಿಮೇಷನ್ ಮಾಡಬೇಕಿದೆ. ನನಗೆ ಸರಳ ಚಿತ್ರಗಳಷ್ಟೇ ಬರುತ್ತವೆ. ಸ್ಕ್ರಿಪ್ಟ್ ಹೇಗೆ ಬರೆಯಲಿ?

ಭೂಮಿಯ ನೆರಳು ಬೀಳುವುದರಿಂದ ಚಂದ್ರ ಸವೆಯುತ್ತಾನೆ ಎಂದು ಬಹಳಷ್ಟು ಮಕ್ಕಳು, ಎಷ್ಟೋ ಮಂದಿ ದೊಡ್ಡವರೂ ನಂಬಿರುತ್ತಾರೆ. ಈ ನಂಬಿಕೆಯನ್ನು ಮುಟ್ಟದೆ ಸರಿಯಾದ ವಿವರಣೆಯನ್ನು ಮಾತ್ರ ಕೊಟ್ಟರೆ, ವಿಡಿಯೊ ಮುಗಿದ ಮೇಲೂ ಅವರು ನೆರಳಿನ ಉತ್ತರವನ್ನೇ ಹೇಳುತ್ತಾರೆ. ಆದ್ದರಿಂದ ನಿಮ್ಮ ಸ್ಕ್ರಿಪ್ಟಿನ ನಡುವಿನ ಒಂದು ನಿಮಿಷವನ್ನು ಇದಕ್ಕೇ ಮೀಸಲಿಡಿ.

ಅದಕ್ಕೆ ಶುಕ್ಲಪಕ್ಷದ ಅಷ್ಟಮಿಯ ಸಂಜೆಯೇ ಸಾಕು. ಸೂರ್ಯ ಪಶ್ಚಿಮದಲ್ಲಿ ಮುಳುಗುತ್ತಿರುವಾಗ ಅರ್ಧಚಂದ್ರ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ, ಅವನ ಪಶ್ಚಿಮದ ಬದಿ ಬೆಳಗಿರುತ್ತದೆ. ಭೂಮಿಯ ನೆರಳು ಸೂರ್ಯನಿಗೆ ನೇರ ಎದುರು ದಿಕ್ಕಿಗೆ, ಅಂದರೆ ಪೂರ್ವಕ್ಕೆ ಚಾಚಿರುವುದರಿಂದ ಅದು ನೆತ್ತಿಯ ಮೇಲಿನ ಚಂದ್ರನನ್ನು ತಲುಪುವ ಮಾತೇ ಇಲ್ಲ. ಇಲ್ಲಿ ನಿರೂಪಕಿ "ನೆರಳು ಯಾವ ಕಡೆ ಬಿದ್ದಿದೆ, ನೋಡಿ" ಎಂದಷ್ಟೇ ಹೇಳಿ ಮೂರು ಸೆಕೆಂಡು ಸುಮ್ಮನಿರಲಿ. ಆ ಮೌನವನ್ನೂ ಸ್ಕ್ರಿಪ್ಟಿನಲ್ಲಿ ಬರೆದಿಡಿ, ಇಲ್ಲದಿದ್ದರೆ ಸಂಕಲನದಲ್ಲಿ ಅದು ಕತ್ತರಿಸಿಹೋಗುತ್ತದೆ.

ಮಕ್ಕಳು ದಾರಿ ತಪ್ಪುವ ಇನ್ನೊಂದು ಜಾಗವೆಂದರೆ ನೋಟದ ಕೋನ. ಪಠ್ಯಪುಸ್ತಕದ ಚಿತ್ರಗಳು ಮೇಲಿನಿಂದ ಕಂಡ ಚಂದ್ರನನ್ನೂ ನೆಲದಿಂದ ಕಂಡ ಚಂದ್ರನನ್ನೂ ಒಂದೇ ಚೌಕಟ್ಟಿನಲ್ಲಿ ಎರಡು ಸುತ್ತಾಗಿ ಜೋಡಿಸುತ್ತವೆ, ತಾನು ಎಲ್ಲಿ ನಿಂತು ನೋಡುತ್ತಿದ್ದೇನೆ ಎಂಬುದು ಮಗುವಿಗೆ ತಿಳಿಯುವುದಿಲ್ಲ. ನೀವು ಭೂಮಿಯ ಮೇಲೆ ಪುಟ್ಟ ಹುಡುಗಿಯೊಬ್ಬಳನ್ನು ನಿಲ್ಲಿಸಿ. ಉತ್ತರ ಧ್ರುವದ ಮೇಲಿನಿಂದ ನೋಡುವಂತೆ, ಸೂರ್ಯನನ್ನು ಪರದೆಯ ಎಡಕ್ಕಿಟ್ಟರೆ ಅಷ್ಟಮಿಯ ಚಂದ್ರ ಕೆಳಗೆ ಬರುತ್ತಾನೆ, ಸಂಜೆಯ ಹುಡುಗಿಯೂ ಭೂಮಿಯ ಕೆಳ ಅಂಚಿನಲ್ಲಿ ತಲೆಕೆಳಗಾಗಿ ನಿಂತಂತೆ ಕಾಣುತ್ತಾಳೆ. ಅವಳು ನೆಟ್ಟಗಾಗುವವರೆಗೆ ಇಡೀ ಚಿತ್ರವನ್ನು ನಿಧಾನವಾಗಿ ತಿರುಗಿಸಿ. ಆಗ ಸೂರ್ಯ ಬಲಕ್ಕೆ ಬರುತ್ತಾನೆ, ದಕ್ಷಿಣಕ್ಕೆ ಮುಖ ಮಾಡಿ ತಲೆಯೆತ್ತಿದ ಅವಳಿಗೆ ಚಂದ್ರನ ಬಲಭಾಗ ಬೆಳಗಿರುವುದು ಕಾಣುತ್ತದೆ. ಈ ತಿರುವಿಗೆ ಹತ್ತು ಸೆಕೆಂಡಾದರೂ ಕೊಡಿ, ಮತ್ತು ಆ ಹೊತ್ತಿನಲ್ಲಿ ಯಾರೂ ಮಾತನಾಡಬಾರದು.

ಬರೆಯುವಾಗ ಹಾಳೆಯನ್ನು ಎರಡು ಅಂಕಣ ಮಾಡಿ, ಎಡಕ್ಕೆ ಚಿತ್ರ, ಬಲಕ್ಕೆ ಮಾತು. ಚಿತ್ರದಲ್ಲಿ ಕಾಣುವುದನ್ನೇ ಮಾತಿನಲ್ಲೂ ಹೇಳಿದ್ದರೆ ಮಾತನ್ನು ಹೊಡೆದುಹಾಕಿ. ಕನ್ನಡದ ಪದಗಳು ಉದ್ದವಾದ್ದರಿಂದ 3 ನಿಮಿಷಕ್ಕೆ 200 ಪದಗಳನ್ನು ದಾಟದಿರುವುದು ಒಳ್ಳೆಯದು. ಅಮಾವಾಸ್ಯೆ, ಹುಣ್ಣಿಮೆ, ಅಷ್ಟಮಿ ಎಂಬವು ಮನೆಯ ಕ್ಯಾಲೆಂಡರಿನಲ್ಲೇ ಇರುವ ಹೆಸರುಗಳಾದ್ದರಿಂದ ಹೊಸ ಪಾರಿಭಾಷಿಕ ಪದಗಳು ಬೇಕಾಗುವುದಿಲ್ಲ.

ಅನಿಮೇಷನ್ ಮಾಡುವ ಮೊದಲೇ ಚಿತ್ರಗಳನ್ನು ಕಾಗದದ ಮೇಲೆ ಬರೆದು ನಾಲ್ಕೈದು ಮಕ್ಕಳಿಗೆ ತೋರಿಸಿ. ಅರ್ಥವಾಯಿತೇ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಅದರ ಬದಲು ಸೂರ್ಯ, ಭೂಮಿ, ಚಂದ್ರ ಇರುವ ಖಾಲಿ ಚಿತ್ರ ಕೊಟ್ಟು ಚಂದ್ರನ ಬೆಳಗಿದ ಬದಿಗೆ ಬಣ್ಣ ತುಂಬಲು ಹೇಳಿ. ಚಂದ್ರ ಎಲ್ಲಿದ್ದರೂ ಸೂರ್ಯನ ಕಡೆಯ ಅರ್ಧಕ್ಕೇ ಬಣ್ಣ ಹಚ್ಚಿದರೆ ಸ್ಕ್ರಿಪ್ಟ್ ಕೆಲಸ ಮಾಡಿದೆ ಎಂದರ್ಥ.

ಹಾಗಾದರೆ ಹುಣ್ಣಿಮೆಯಂದು ನೆರಳು ಬೀಳಬೇಕಲ್ಲ ಎಂದು ಚುರುಕಾದ ಮಗುವೊಂದು ಕೇಳಿಯೇ ಕೇಳುತ್ತದೆ. ಬಹುತೇಕ ಹುಣ್ಣಿಮೆಗಳಲ್ಲಿ ಚಂದ್ರ ಆ ನೆರಳಿನ ಮೇಲೋ ಕೆಳಗೋ ಹಾದುಹೋಗುತ್ತಾನೆ ಎಂಬ ಒಂದೇ ವಾಕ್ಯ ಇಲ್ಲಿಗೆ ಸಾಕು, ಗ್ರಹಣವನ್ನು ಬೇರೆ ವಿಡಿಯೊಕ್ಕೆ ಇಟ್ಟುಕೊಳ್ಳಿ.