ಮಧ್ಯಾಹ್ನದ ಮೇಜು ತುಂಬಬೇಕು, ಕಾಫಿಯ ಬೆಲೆ ಇಳಿಯಬಾರದು

ಪ್ರಶ್ನೆ: "ಎಲ್ಲರಿಗೂ ನಮಸ್ಕಾರ. ಬೇಲೂರಿನ ಬಳಿ ನಮ್ಮದು ಸಣ್ಣ ಅರೇಬಿಕಾ ತೋಟ. ಸ್ವಂತ ಬೀಜ ಹುರಿದು ಹಾಸನದಲ್ಲಿ ಒಂದು ಕೆಫೆ ನಡೆಸುತ್ತಿದ್ದೇನೆ, ಪುಡಿಯನ್ನೂ ಮಾರುತ್ತೇವೆ. ಬೆಳಗ್ಗೆ ಮತ್ತು ಸಂಜೆ ಐದರ ಮೇಲೆ ಜನ ಇರುತ್ತಾರೆ. ಎರಡೂವರೆಯಿಂದ ಐದರವರೆಗೆ ಇಪ್ಪತ್ತು ಕುರ್ಚಿಗಳಲ್ಲಿ ಮೂರೋ ನಾಲ್ಕೋ ತುಂಬಿದರೆ ಹೆಚ್ಚು. ಆ ಹೊತ್ತಿಗೆ ಕಾಲು ಭಾಗ ರಿಯಾಯಿತಿ ಕೊಡೋಣವೆಂದಿದ್ದೇನೆ. ಆದರೆ ತೋಟದ ಹೆಸರಿಗೆ ಅಗ್ಗದ ಕಾಫಿ ಎಂಬ ಹಣೆಪಟ್ಟಿ ಬೀಳಬಾರದು. ಏನು ಮಾಡಲಿ?"

ಈ ಪ್ರಶ್ನೆಗೆ ನನಗಿಂತ ಮೊದಲು ಕೆಲವರು ಉತ್ತರ ಬರೆದಿದ್ದಾರೆ, ಅವರ ಮಾತಿಗೆ ಆಮೇಲೆ ಬರುತ್ತೇನೆ. ಹೊರಗೆ ಫಲಕ ಬರೆಸುವ ಮೊದಲು ಬಿಲ್ಲಿಂಗ್ ಯಂತ್ರದಿಂದ ಕಳೆದ ನಾಲ್ಕು ವಾರಗಳ ಗಂಟೆವಾರು ಲೆಕ್ಕ ತೆಗೆಯಿರಿ. ಭಾನುವಾರ, ಹಬ್ಬ, ಜೋರು ಮಳೆಯ ದಿನಗಳನ್ನು ಪಕ್ಕಕ್ಕಿಡಿ. ಆ ಖಾಲಿ ಹೊತ್ತಿನಲ್ಲಿಯೂ ಬರುತ್ತಿರುವವರು ಎಷ್ಟು ಮಂದಿ, ಅವರು ಏನು ಕೊಳ್ಳುತ್ತಾರೆ ಎಂದು ನೋಡಿ. ರಿಯಾಯಿತಿಯ ಖರ್ಚು ಹುಟ್ಟುವುದು ಇವರಿಂದಲೇ. ಪೂರ್ತಿ ಬೆಲೆ ಕೊಡಲು ಒಪ್ಪಿ ಬಂದವರ ಕೈಗೆ ನಾವೇ ಹಣ ವಾಪಸು ಕೊಟ್ಟ ಹಾಗಾಗುತ್ತದೆ.

ಒಂದು ಮಧ್ಯಾಹ್ನದ ಲೆಕ್ಕ ಹಾಕಿ ನೋಡೋಣ. ಅಂಕಿಗಳು ನನ್ನ ಊಹೆ, ನಿಮ್ಮವನ್ನು ಹಾಕಿಕೊಳ್ಳಿ. ತೆರಿಗೆಯನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಒಂದು ಕಾಫಿಗೆ 120 ರೂಪಾಯಿ. ಪುಡಿ, ಹಾಲು, ಸಕ್ಕರೆ ಎಲ್ಲ ಸೇರಿ 40 ಹೋದರೆ ಕೈಯಲ್ಲಿ 80 ಉಳಿಯುತ್ತದೆ. ಒಂದು ತುಂಡು ಕೇಕಿಗೆ 60. ತಯಾರಿಕೆಗೆ 18 ಹೋಗಿ 42 ಉಳಿಯುತ್ತದೆ. ಮಧ್ಯಾಹ್ನ ಹತ್ತು ಜನ ಬರುತ್ತಾರೆ, ಅವರಲ್ಲಿ ಮೂವರು ಕೇಕನ್ನೂ ತೆಗೆದುಕೊಳ್ಳುತ್ತಾರೆ ಎಂದುಕೊಳ್ಳಿ. ಈಗ ನಿಮಗೆ ಉಳಿಯುತ್ತಿರುವುದು 926 ರೂಪಾಯಿ. ಕಾಫಿಗೆ ಕಾಲು ಭಾಗ ಇಳಿಸಿದ ಕೂಡಲೇ ಈ ಹತ್ತು ಮಂದಿಯಿಂದಲೇ ತಲಾ 30ರಂತೆ 300 ರೂಪಾಯಿ ಹೋಯಿತು. ಹೊಸದಾಗಿ ಬಂದವನು 90 ಕೊಟ್ಟು ಕಾಫಿ ಕುಡಿದರೆ ನಿಮಗೆ ಉಳಿಯುವುದು 50. ಅಂದರೆ ದಿನಕ್ಕೆ ಆರು ಹೊಸ ಗಿರಾಕಿಗಳು ಬಂದ ಮೇಲೆ ನೀವು ಮೊದಲಿದ್ದ ಜಾಗಕ್ಕೆ ಮರಳುತ್ತೀರಿ, ಏಳನೆಯವನಿಂದ ಲಾಭ ಶುರು. ಹತ್ತು ಜನರಿದ್ದ ಕಡೆ ಹದಿನಾರು ಜನ ಕಂಡಾಗ ಅಂಗಡಿ ತುಂಬಿದಂತೆಯೇ ಅನ್ನಿಸುತ್ತದೆ, ಗಲ್ಲಾ ಮಾತ್ರ ಇದ್ದಲ್ಲಿಯೇ ಇರುತ್ತದೆ. ಕಾಲು ಭಾಗ ಅನ್ನುವ ಮಾತು ಸಣ್ಣದಾಗಿ ಕೇಳಿಸುತ್ತದೆ; ಒಂದು ಕಾಫಿಯಿಂದ ಉಳಿಯುವ 80ರಲ್ಲಿ ಅದು ಮೂರನೇ ಒಂದು ಭಾಗಕ್ಕಿಂತ ಹೆಚ್ಚು.

ಇದರ ಬದಲು ಕಾಫಿಯ ಬೆಲೆಯನ್ನು ಮುಟ್ಟದೆ, ಕಾಫಿ ಮತ್ತು ಕೇಕನ್ನು ಜೋಡಿಸಿ 180ರ ಬದಲು 150ಕ್ಕೆ ಕೊಡಿ. ಕಾಫಿ ಮಾತ್ರ ಬೇಕೆಂಬ ಏಳು ಮಂದಿ ಎಂದಿನಂತೆ 120 ಕೊಡುತ್ತಾರೆ. ಕೇಕ್ ಕೊಳ್ಳುತ್ತಿದ್ದ ಮೂವರಿಗೆ ಮಾತ್ರ ತಲಾ 30ರ ಲಾಭ, ನಿಮಗೆ 90ರ ಖರ್ಚು. ಹೊಸಬನೊಬ್ಬ ಈ ಜೋಡಿಗೆಂದು ಬಂದರೆ ನಿಮಗೆ 92 ಉಳಿಯುತ್ತದೆ. ಆರು ಹೊಸಬರು ಬೇಕಿದ್ದ ಕಡೆ ಒಬ್ಬ ಸಾಕಾಯಿತು. ಏಳು ಮಂದಿಯಲ್ಲಿ ಒಬ್ಬಿಬ್ಬರು ಆಸೆಪಟ್ಟು ಕೇಕನ್ನೂ ತೆಗೆದುಕೊಂಡರೆ ಒಬ್ಬೊಬ್ಬರಿಂದ 12 ರೂಪಾಯಿ ಹೆಚ್ಚೇ ಬರುತ್ತದೆ. ಜೋಡಿಸುವ ತಿನಿಸು ತಯಾರಿಕೆಗೆ ಅಗ್ಗವಾಗಿರಬೇಕು, ತಟ್ಟೆಯಲ್ಲಿ ಮಾತ್ರ ಚೆನ್ನಾಗಿ ಕಾಣಬೇಕು. ಹೊರಗಿನಿಂದ ತರಿಸಿದ ಕೇಕಿಗೆ ನೀವೇ 40 ಕೊಡುತ್ತಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ.

ಹೆಸರಿನ ವಿಷಯಕ್ಕೂ ಇದೇ ದಾರಿ ಒಳ್ಳೆಯದು. ನೀವು ಪುಡಿಯನ್ನೂ ಮಾರುವವರು, ಅದನ್ನು ಮರೆಯಬೇಡಿ. ಒಂದು ಲೋಟದ ಬೆಲೆ 90 ಎಂದು ಹೊರಗಿನ ಫಲಕದಲ್ಲಿ ದಿನವೂ ಕಂಡವನಿಗೆ ಕಪಾಟಿನಲ್ಲಿರುವ ಕಾಲು ಕಿಲೋ ಪೊಟ್ಟಣವೂ ದುಬಾರಿಯೆನಿಸುತ್ತದೆ. ಅವನ ತಲೆಯಲ್ಲಿ ನಿಮ್ಮ ಕಾಫಿಯ ನಿಜವಾದ ಬೆಲೆ 90, ಸಂಜೆ ಕೇಳುವ 120 ಸುಲಿಗೆ. ಜೋಡಿಯ ಬೆಲೆಯಿಂದ ಕಾಫಿ ಎಷ್ಟು, ಕೇಕ್ ಎಷ್ಟು ಎಂದು ಯಾರೂ ಬಿಡಿಸಿ ನೋಡುವುದಿಲ್ಲ. ಆದ್ದರಿಂದ ಫಲಕದಲ್ಲಿ ಶೇಕಡಾವಾರು ಬೇಡ, ಹಳೆಯ ಬೆಲೆಗೆ ಗೀಟು ಹಾಕುವುದೂ ಬೇಡ. "ಮಧ್ಯಾಹ್ನದ ತಟ್ಟೆ, 2.30ರಿಂದ 4.30, ಮಂಗಳವಾರದಿಂದ ಗುರುವಾರ" ಎಂದು ಮೆನುವಿನ ಒಳಪುಟದಲ್ಲಿ ಒಂದು ಸಾಲು ಸಾಕು.

ನಮ್ಮ ಉಡುಪಿ ಹೋಟೆಲುಗಳು ಇದನ್ನು ಬಹಳ ಹಿಂದೆಯೇ ಅರಿತಿದ್ದವು. ಬೆಳಗಿನ ಇಡ್ಲಿಯನ್ನು ಮೂರು ಗಂಟೆಗೆ ಅರ್ಧ ಬೆಲೆಗೆ ಮಾರದೆ ಗೋಳಿಬಜೆಯನ್ನು ಸಾಯಂಕಾಲದ ಹೊತ್ತಿಗೆ ಮಾತ್ರ ಕರಿಯುತ್ತಾರೆ. ಬಿಸಿ ಆರುವ ಮೊದಲು ಹೋಗಬೇಕೆಂದು ಜನ ಗಡಿಯಾರ ನೋಡಿಕೊಂಡು ಬರುತ್ತಾರೆ. ನಿಮ್ಮ ತೋಟದಲ್ಲಿ ಎಸ್ 795 ಎಂಬ ಅರೇಬಿಕಾ ತಳಿ ಇದ್ದರೆ ಒಂದೇ ಗಿಡದ ಹಣ್ಣನ್ನು ಎರಡು ವಿಧದಲ್ಲಿ ಸಂಸ್ಕರಿಸಿ, ಸಿಪ್ಪೆ ಸುಲಿದು ತೊಳೆದದ್ದು ಒಂದು ಸಣ್ಣ ಲೋಟ, ಹಣ್ಣಿನೊಂದಿಗೇ ಒಣಗಿಸಿದ್ದು ಇನ್ನೊಂದು, ಎರಡನ್ನೂ ಒಟ್ಟಿಗೆ ಪೂರ್ತಿ ಬೆಲೆಗೇ ಕೊಡಬಹುದು. ಸಂಜೆಯ ಗದ್ದಲದಲ್ಲಿ ಇದಕ್ಕೆ ಕೈಬಿಡುವಿಲ್ಲ, ಮಧ್ಯಾಹ್ನ ಇದೆ. ಎರಡನ್ನೂ ಕುಡಿದು ವ್ಯತ್ಯಾಸ ಕಂಡವನು ಪೊಟ್ಟಣ ಕೊಳ್ಳುವ ಸಂಭವ ಹೆಚ್ಚು. ನನ್ನ ಮನಸ್ಸಿಗೆ ಕೇಕಿಗಿಂತಲೂ ಇದೇ ಹೆಚ್ಚು ಹಿಡಿಸುತ್ತದೆ, ಆದರೆ ಕೌಂಟರಿನಲ್ಲಿ ನಿಂತು ವಿವರಿಸಬಲ್ಲ ಒಬ್ಬರು ಬೇಕು.

ನನಗಿಂತ ಮೊದಲು ಉತ್ತರಿಸಿದ ತುಮಕೂರಿನ ಬೇಕರಿಯವರು ರಾತ್ರಿ ಎಂಟರ ಮೇಲೆ ಬನ್ನು, ಪಫ್‌ಗಳನ್ನು ಅರ್ಧ ಬೆಲೆಗೆ ಬಿಟ್ಟು ಗೆದ್ದದ್ದನ್ನು ಬರೆದಿದ್ದಾರೆ. ಅವರ ಅನುಭವ ನಿಜ, ತೊಂದರೆ ಮಾತ್ರ ಬೇರೆ. ಅವರದು ನಾಳೆಗೆ ಕೆಡುವ ಮಾಲು. ಎಷ್ಟಕ್ಕೆ ಹೋದರೂ ಬಂದದ್ದೇ ಲಾಭ. ನಿಮ್ಮ ಹುರಿದ ಬೀಜ ಸಂಜೆಗೂ ಇರುತ್ತದೆ, ನಾಳೆಗೂ ಇರುತ್ತದೆ. ಕೆಡುತ್ತಿರುವುದು ಖಾಲಿ ಕುರ್ಚಿಯ ಹೊತ್ತು. ಅವರ ಮಾತಿನಲ್ಲಿ ನಿಮಗೆ ಸಲ್ಲುವ ಭಾಗವೂ ಒಂದಿದೆ: ಬೆಳಗ್ಗೆ ಕತ್ತರಿಸಿದ ಕೇಕ್ ಸಂಜೆ ಉಳಿದು ಬಿಸಾಡುವಂತಿದ್ದರೆ ಮಧ್ಯಾಹ್ನದ ತಟ್ಟೆಗೆ ಅದು 18 ರೂಪಾಯಿಗಿಂತಲೂ ಅಗ್ಗ ಬೀಳುತ್ತದೆ.

ರಿಯಾಯಿತಿ ಕೊಟ್ಟರೂ ಜಿಎಸ್‌ಟಿ ಪೂರ್ತಿ ಬೆಲೆಗೆ ಕಟ್ಟಬೇಕು ಎಂದ ಅಣ್ಣನವರಿಗೆ ಒಂದು ಮಾತು. ಮಾರಾಟದ ಹೊತ್ತಿನಲ್ಲಿಯೇ ಕೊಟ್ಟು ಬಿಲ್ಲಿನಲ್ಲಿ ತೋರಿಸಿದ ರಿಯಾಯಿತಿಯನ್ನು ಕಳೆದು ಉಳಿದ ಮೊತ್ತದ ಮೇಲೆ ಮಾತ್ರ ತೆರಿಗೆ. ಬಿಲ್ಲಿನಲ್ಲಿ ಪೂರ್ತಿ ಬೆಲೆ ಹಾಕಿ ಕೈಯಿಂದ ಚಿಲ್ಲರೆ ವಾಪಸು ಕೊಡುವ ಅಭ್ಯಾಸವಿದ್ದರೆ ಅವರ ಮಾತು ಸರಿಯಾಗುತ್ತದೆ. ಆದ್ದರಿಂದ ಮಧ್ಯಾಹ್ನದ ತಟ್ಟೆಯನ್ನು ಯಂತ್ರದಲ್ಲಿ ಪ್ರತ್ಯೇಕ ಐಟಂ ಆಗಿಯೇ ಸೇರಿಸಿ. ಆಮೇಲೆ ಲೆಕ್ಕ ತೆಗೆಯುವುದಕ್ಕೂ ಸುಲಭ.

ಮಧ್ಯಾಹ್ನ ಇಳಿಸುವ ಬದಲು ಸಂಜೆ 10 ರೂಪಾಯಿ ಏರಿಸಿ ಎಂದು ಇನ್ನೊಬ್ಬರು ಸೂಚಿಸಿದ್ದಾರೆ. ಕಾಗದದ ಮೇಲೆ ಎರಡೂ ಒಂದೇ, ಜನರ ಮನಸ್ಸಿನಲ್ಲಿ ಒಂದೇ ಅಲ್ಲ. ಅಮೆರಿಕದ ವೆಂಡಿಸ್ ಎಂಬ ಬರ್ಗರ್ ಸಂಸ್ಥೆ 2024ರಲ್ಲಿ ಹೊತ್ತಿಗೆ ತಕ್ಕಂತೆ ಬದಲಾಗುವ ಬೆಲೆಯ ಮಾತೆತ್ತಿದ ಕೂಡಲೇ ಗಿರಾಕಿಗಳು ಸಿಡಿದೆದ್ದರು. ಜನ ಹೆಚ್ಚಿರುವಾಗ ಬೆಲೆ ಏರಿಸುವ ಉದ್ದೇಶವಿಲ್ಲ, ಬಿಡುವಿನ ಹೊತ್ತಿನಲ್ಲಿ ರಿಯಾಯಿತಿ ಕೊಡಬಹುದು ಎಂದು ಸಂಸ್ಥೆ ಸ್ಪಷ್ಟನೆ ಕೊಡಬೇಕಾಯಿತು. ನಮ್ಮ ಮೆಟ್ರೋ 2025ರ ಫೆಬ್ರುವರಿಯಲ್ಲಿ ದರ ಏರಿಸಿದಾಗ ಸ್ಮಾರ್ಟ್ ಕಾರ್ಡಿಗೆ ದಟ್ಟಣೆಯ ಹೊತ್ತಿನಲ್ಲಿ ಶೇಕಡಾ 5, ಮಧ್ಯಾಹ್ನ 12ರಿಂದ 4ರಂಥ ಬಿಡುವಿನ ಹೊತ್ತಿನಲ್ಲಿ ಶೇಕಡಾ 10 ರಿಯಾಯಿತಿ ಇಟ್ಟಿತು. ದರ ಏರಿಕೆಯ ಬಗ್ಗೆ ಜನ ಬಹಳ ಕೂಗಾಡಿದರು, ಈ ಹೊತ್ತಿನ ವ್ಯತ್ಯಾಸದ ಬಗ್ಗೆ ಅಷ್ಟು ದೂರು ನಾನು ಕೇಳಲಿಲ್ಲ. ನಿಯಮ ಮೊದಲೇ ಗೊತ್ತಿದ್ದು ಎಲ್ಲರಿಗೂ ಒಂದೇ ಆಗಿದ್ದರೆ ಯಾರಿಗೂ ಮೋಸ ಹೋದಂತೆ ಅನ್ನಿಸುವುದಿಲ್ಲ. ಮಧ್ಯಾಹ್ನ ನಾಲ್ಕು ನಲವತ್ತಕ್ಕೆ ಪರಿಚಯದವರು ಬಂದರೆಂದು ತಟ್ಟೆ ಕೊಟ್ಟು, ಅಪರಿಚಿತರಿಗೆ ಸಮಯ ಮುಗಿಯಿತು ಎನ್ನುವಂತಾಗಬಾರದು.

ಐದರವರೆಗೂ ಕೊಡದೆ ನಾಲ್ಕೂವರೆಗೆ ಮುಗಿಸಿ ಎಂದದ್ದಕ್ಕೆ ಕಾರಣವಿದೆ. ಐದೂಕಾಲಕ್ಕೆ ಪೂರ್ತಿ ಬೆಲೆ ಕೊಡುತ್ತಿದ್ದವನು ಇಪ್ಪತ್ತು ನಿಮಿಷ ಬೇಗ ಹೊರಟು ನಾಲ್ಕು ಐವತ್ತೈದಕ್ಕೆ ಬಂದರೆ ನಿಮಗೆ ಹೊಸ ಗಿರಾಕಿ ಸಿಗಲಿಲ್ಲ. ಇದು ಆಗುತ್ತಿದೆಯೇ ಎಂದು ತಿಳಿಯಲು ಐದರಿಂದ ಆರರವರೆಗಿನ ಬಿಲ್ಲುಗಳನ್ನು ಗಮನಿಸಿ. ನಾಲ್ಕರ ಹೊತ್ತಿಗೆ ಏರಿದಷ್ಟೇ ಐದರ ಮೇಲೆ ಇಳಿದಿದ್ದರೆ ಜನ ಹೊತ್ತು ಬದಲಿಸಿದ್ದಾರೆ ಅಷ್ಟೆ. ಸಂಜೆ ಕುರ್ಚಿ ಸಿಗದೆ ಜನ ವಾಪಸು ಹೋಗುತ್ತಿದ್ದರೆ ಮಾತ್ರ ಈ ಬದಲಾವಣೆಯೂ ಒಳ್ಳೆಯದೇ.

ಆರು ವಾರ, ವಾರಕ್ಕೆ ಮೂರೇ ದಿನ ನಡೆಸಿ. ಸೋಮವಾರ ಮತ್ತು ಶುಕ್ರವಾರ ಎಂದಿನಂತಿರಲಿ. ಹೋಲಿಸಲು ನಿಮಗೆ ಅವು ಬೇಕು. ಬಿಲ್ಲುಗಳ ಸಂಖ್ಯೆಗಿಂತ ಮಧ್ಯಾಹ್ನ ಕೈಯಲ್ಲಿ ಉಳಿದ ಹಣವನ್ನು ಬರೆದಿಡಿ. ಆ ಹೊತ್ತಿನಲ್ಲಿ ನಿಮ್ಮ ಹುಡುಗರು ಈಗ ಏನು ಮಾಡುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪೊಟ್ಟಣ ಕಟ್ಟುವುದು, ಬೀಜ ಆರಿಸುವುದು ಆಗಲೇ ನಡೆಯುತ್ತಿದ್ದರೆ ಜನ ತುಂಬಿದ ಮೇಲೆ ಆ ಕೆಲಸಕ್ಕೆ ಬೇರೆ ಹೊತ್ತು, ಬೇರೆ ಕೂಲಿ ಬೇಕಾಗುತ್ತದೆ. ಆರು ವಾರವಾದರೂ ಉಳಿಯುವ ಹಣ ಏರದಿದ್ದರೆ ಆ ಹೊತ್ತಿಗೆ ಬಾಗಿಲು ಹಾಕುವುದೂ ಒಂದು ದಾರಿ. ಬಸವನಗುಡಿಯ ಗಾಂಧಿ ಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನ ಮಧ್ಯಾಹ್ನ ಸ್ವಲ್ಪ ಹೊತ್ತು ಬಾಗಿಲು ಹಾಕುತ್ತದೆ, ಶುಕ್ರವಾರವಂತೂ ಪೂರ್ತಿ ರಜೆ. ಅದರಿಂದ ಅದರ ಹೆಸರೇನೂ ತಗ್ಗಿಲ್ಲ.

ವಿದ್ಯಾರ್ಥಿಗಳಿಗೆ ರಿಯಾಯಿತಿ ಕಾರ್ಡ್ ಕೊಡಿ ಎಂದ ಮೈಸೂರಿನ ಅಕ್ಕನ ಸಲಹೆಯ ಬಗ್ಗೆ ನನಗೆ ಇನ್ನೂ ಅನುಮಾನವಿದೆ. ಹುಡುಗರು ಮಧ್ಯಾಹ್ನ ಬಿಡುವಾಗಿರುತ್ತಾರೆ ನಿಜ, ಆದರೆ ಮೂರಕ್ಕೆ ಒಂದು ಕಾಫಿ ತೆಗೆದುಕೊಂಡು ಲ್ಯಾಪ್‌ಟಾಪ್ ತೆರೆದವರು ಆರರವರೆಗೂ ಕೂರುತ್ತಾರೆ, ಸಂಜೆಯ ಮೇಜು ಸಿಕ್ಕಿಹಾಕಿಕೊಳ್ಳುತ್ತದೆ. ಆ ಅಕ್ಕನ ಕೆಫೆ ಕಾಲೇಜಿನ ಎದುರಿಗೇ ಇದ್ದು, ಸಂಜೆ ಬರುವವರೂ ವಿದ್ಯಾರ್ಥಿಗಳೇ. ಅಲ್ಲಿ ಅದು ನಡೆಯುತ್ತದೆ. ನಾಲ್ಕರ ಮೊದಲು ಶಾಲೆಯಿಂದ ಮಕ್ಕಳನ್ನು ಕರೆದೊಯ್ಯಲು ಬರುವ ತಾಯಂದಿರು, ನಿವೃತ್ತರು, ಗಿರಾಕಿಗಳನ್ನು ಭೇಟಿಮಾಡುವ ವಿಮಾ ಏಜೆಂಟರು, ಇಂಥವರು ತಾವಾಗಿಯೇ ಎದ್ದು ಹೋಗುವವರು. ಹಾಸನದಲ್ಲಿ ನಿಮ್ಮ ಅಂಗಡಿ ಯಾವ ರಸ್ತೆಯಲ್ಲಿದೆ, ನಡೆದು ಹೋಗುವಷ್ಟು ಹತ್ತಿರದಲ್ಲಿ ಶಾಲೆ ಇದೆಯೇ, ಬ್ಯಾಂಕು ಇದೆಯೇ ಎಂದು ಬರೆಯಿರಿ. ಗಂಟೆವಾರು ಲೆಕ್ಕ ಸಿಕ್ಕರೆ ಅದನ್ನೂ ಹಾಕಿ, ಯಾರಿಗೆ ಹೇಳಬೇಕೆಂಬುದನ್ನು ನೋಡೋಣ.