ಸ್ಯಾಂಡ್ ಮಿಕ್ಸರ್ ಬೋರ್ಡು ಯಾರೂ ಓದ್ತಿಲ್ಲ, ಹೇಗೆ ತಿದ್ದೋದು?

ಪ್ರಶ್ನೆ: ಶಿವಮೊಗ್ಗ ಮಾಚೇನಹಳ್ಳಿಯ ಫೌಂಡ್ರಿ ಒಂದರಲ್ಲಿ ಇದ್ದೀನಿ. ಮಿಕ್ಸರ್ ಪಕ್ಕ ಈ ಬೋರ್ಡ್ ಇದೆ: “ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸದೆ ಸ್ವಚ್ಛತೆಗಾಗಿ ಯಂತ್ರದೊಳಗೆ ಪ್ರವೇಶಿಸುವುದನ್ನು ಕಡ್ಡಾಯವಾಗಿ ನಿಷೇಧಿಸಲಾಗಿದೆ.” ಓದೋರೇ ಇಲ್ಲ. ಏನು ಬದಲಾಯಿಸಲಿ?

ಉತ್ತರ: ತೊಂದರೆ ಅಕ್ಷರದ ಗಾತ್ರದಲ್ಲಿಲ್ಲ, ವಾಕ್ಯದಲ್ಲಿದೆ. “ಕಡಿತಗೊಳಿಸದೆ” ಒಂದು ನಿಷೇಧ, “ನಿಷೇಧಿಸಲಾಗಿದೆ” ಇನ್ನೊಂದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಇಡೀ ಸಾಲು ಓದಿ ಮುಗಿಸದೆ ಏನೂ ತಿಳಿಯುವುದಿಲ್ಲ. ತಿಳಿದ ಮೇಲೂ ಏನು ಮಾಡಬಾರದು ಎಂದಷ್ಟೇ ಗೊತ್ತಾಗುತ್ತದೆ. ಒಳಗೆ ಇಳಿದರೆ ಏನಾಗುತ್ತದೆ ಎಂಬುದಂತೂ ಎಲ್ಲೂ ಇಲ್ಲ. ಹೀಗೆ ಒಡೆಯಿರಿ:

ಅಪಾಯ
ಮಿಕ್ಸರ್ ತಿರುಗಿದರೆ ಜೀವ ಹೋಗುತ್ತದೆ
ಒಳಗೆ ಇಳಿಯುವ ಮೊದಲು:
1. ಮೇನ್ ಸ್ವಿಚ್ ಆಫ್ ಮಾಡಿ
2. ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿರಲಿ
3. ಸ್ಟಾರ್ಟ್ ಬಟನ್ ಒತ್ತಿ ನೋಡಿ. ತಿರುಗಿದರೆ ಇಳಿಯಬೇಡಿ

ಮೂರನೆಯ ಸಾಲನ್ನು ಜಾಗ ಸಾಲದು ಅಂತ ಕಿತ್ತುಹಾಕಬೇಡಿ. ತಪ್ಪು ಸ್ವಿಚ್ ಆಫ್ ಮಾಡಿದ್ದರೆ ಗೊತ್ತಾಗುವುದು ಅಲ್ಲೇ. “ವಿದ್ಯುತ್ ಸಂಪರ್ಕ ಕಡಿತ” ಅಂತ ಬರೆದರೆ ಕೆಲವರು ಎಮರ್ಜೆನ್ಸಿ ಸ್ಟಾಪ್ ಒತ್ತಿ ಇಳಿದುಬಿಡುತ್ತಾರೆ. ಅದನ್ನು ಯಾರು ಬೇಕಾದರೂ ಬಿಡಿಸಬಹುದು. ಹಾಗಾಗಿ ಸ್ವಿಚ್ಚಿಗೆ ಶಾಪ್‌ನಲ್ಲಿ ಏನು ಹೆಸರು ಕರೆಯುತ್ತಾರೋ ಅದನ್ನೇ ಬರೆಯಿರಿ, ಪ್ಯಾನೆಲ್ ಮೇಲೂ ಅದೇ ಹೆಸರಿರಲಿ. ಸ್ವಿಚ್ಚಿಗೆ ಬೀಗ ಹಾಕಲು ತೂತೇ ಇಲ್ಲದಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಆಗದ ಕೆಲಸವನ್ನು ಬೋರ್ಡಿನಲ್ಲಿ ಬರೆದರೆ ಉಳಿದ ಸಾಲುಗಳನ್ನೂ ಯಾರೂ ನಂಬುವುದಿಲ್ಲ.

ಅಕ್ಷರದ ಎತ್ತರಕ್ಕೆ ಅಂದಾಜು ಲೆಕ್ಕ: ಓದುವ ದೂರವನ್ನು 300ರಿಂದ ಭಾಗಿಸಿ. 3 ಮೀಟರಿಗೆ 10 ಮಿ.ಮೀ. ಬರುತ್ತದೆ. ಫೌಂಡ್ರಿಯ ದೂಳು, ಮಬ್ಬು ಬೆಳಕಿಗೆ ನಾನಾದರೆ 20 ಇಡುತ್ತೇನೆ. ಈ ಅಳತೆ ಮೂಲ ಅಕ್ಷರದ್ದು, ಒತ್ತಕ್ಷರ ಸೇರಿಸಿ ಅಳೆಯಬೇಡಿ. ಸಾಲುಗಳ ನಡುವೆ ಅಂತರ ಹೆಚ್ಚು ಬಿಡಿ, ಇಲ್ಲದಿದ್ದರೆ “ಸ್ವಿಚ್”ನ ವತ್ತು ಕೆಳಗಿನ ಸಾಲಿಗೆ ತಾಗುತ್ತದೆ. ತೀರಾ ದಪ್ಪ ಫಾಂಟ್ ಬೇಡ, ದೂರದಿಂದ ಸುಳಿಗಳು ಮುಚ್ಚಿಹೋಗಿ ಅಕ್ಷರ ಬರೀ ಮುದ್ದೆಯಾಗಿ ಕಾಣುತ್ತದೆ. ಹಳದಿ ತ್ರಿಕೋನದ ಎಚ್ಚರಿಕೆ ಚಿತ್ರ ಮೇಲಿರಲಿ. ಹಿಂದಿಯವರಿದ್ದರೆ ಇದೇ ಅಳತೆಯಲ್ಲಿ ಇನ್ನೊಂದು ಬೋರ್ಡ್ ಹಾಕಿ. ಒಂದರಲ್ಲೇ ಎರಡು ಭಾಷೆ ತುರುಕಿದರೆ ಎರಡೂ ಸಣ್ಣದಾಗುತ್ತವೆ.

ಮಿಕ್ಸರ್ ಬಾಗಿಲ ಮೇಲೆ ಅಂಟಿಸಬೇಡಿ. ಬಾಗಿಲು ತೆರೆದಾಗ, ಅಂದರೆ ಬೇಕಾದ ಹೊತ್ತಿಗೇ, ಬೋರ್ಡ್ ಆಚೆ ತಿರುಗಿಬಿಡುತ್ತದೆ. ಪಕ್ಕದ ಚೌಕಟ್ಟಿಗೆ, ಕಣ್ಣಿನ ಮಟ್ಟಕ್ಕೆ ಹಾಕಿ. ನಮ್ಮ ಮಳೆಗಾಲಕ್ಕೆ ಲ್ಯಾಮಿನೇಟ್ ಮಾಡಿದ ಕಾಗದದ ಅಂಚಿನಿಂದ ತೇವ ಒಳಹೋಗಿ ಬೂಷ್ಟು ಹಿಡಿಯುತ್ತದೆ. ತಗಡಿಗೆ ವಿನೈಲ್ ಅಂಟಿಸಿದರೆ ಒರೆಸಲೂ ಆಗುತ್ತದೆ.

ಪ್ರಿಂಟಿಗೆ ಕೊಡುವ ಮೊದಲು, ಮಿಕ್ಸರ್ ಕೆಲಸ ಗೊತ್ತಿಲ್ಲದ ಒಬ್ಬರಿಗೆ 5 ಸೆಕೆಂಡ್ ತೋರಿಸಿ ಮುಚ್ಚಿ. “ಮೊದಲು ಏನು ಮಾಡ್ತೀರಿ?” ಅಂತ ಕೇಳಿ. “ಹುಷಾರಾಗಿರಬೇಕು” ಅಂದರೆ ಇನ್ನೂ ತಿದ್ದಬೇಕು. “ಮೇನ್ ಆಫ್ ಮಾಡಿ ಬೀಗ ಹಾಕ್ತೀನಿ” ಅಂದರೆ ಪ್ರಿಂಟಿಗೆ ಕೊಡಿ.